63 ಬಂದರೂ ಸರ್ಟಿಫಿಕೇಟ್ ಇಲ್ಲ

"ಮಾವ, ನೂರಕ್ಕೆ 63 ಬಂದಿದೆ. ಆದರೂ ಸರ್ಟಿಫಿಕೇಟ್ ಕೊಡಲ್ವಂತೆ. ಇದೆಂಥಾ ನ್ಯಾಯ?"

ತಂಗಿಯ ಮಗ ಫೋನಿನಲ್ಲಿ ಹೀಗೆ ಕೇಳಿದಾಗ ನನಗೂ ಇದೇನೋ ಎಡವಟ್ಟಾಗಿದೆ ಅನ್ನಿಸಿತು. ಅವನು ಇಂಜಿನಿಯರಿಂಗ್ ಐದನೇ ಸೆಮಿಸ್ಟರ್. ಅವನು ಸೇರಿದ್ದು ಎನ್‌ಪಿಟೆಲ್‌ನ ಒಂದು ಪೈಥಾನ್ ಕೋರ್ಸಿಗೆ. ಅಂಕಪಟ್ಟಿಯ ಸ್ಕ್ರೀನ್‌ಶಾಟ್ ಕಳಿಸು ಅಂದೆ. ಅದರಲ್ಲಿ ಮೂರು ಸಾಲು ಇದ್ದವು. ವಾರದ ಅಸೈನ್‌ಮೆಂಟ್‌ಗಳಲ್ಲಿ 25ಕ್ಕೆ 24. ಮನೆಯಲ್ಲೇ ಕುಳಿತು ಬರೆಯುವ ಪ್ರೋಗ್ರಾಮಿಂಗ್ ಪರೀಕ್ಷೆಯಲ್ಲಿ 25ಕ್ಕೆ 22. ಪರೀಕ್ಷಾ ಕೇಂದ್ರಕ್ಕೆ ಹೋಗಿ, ಮೇಲ್ವಿಚಾರಕರ ಎದುರು ಬರೆಯುವ ಕೊನೆಯ ಪರೀಕ್ಷೆಯಲ್ಲಿ 50ಕ್ಕೆ 17.

ನಾನು ಶಿವಮೊಗ್ಗದ ಒಂದು ಸಹಕಾರಿ ಬ್ಯಾಂಕಿನಲ್ಲಿ ಲೆಕ್ಕ ಬರೆಯುವವನು. ಅಂಕಿಗಳು ಸುಳ್ಳು ಹೇಳುವಾಗ ಹೇಗೆ ಕಾಣುತ್ತವೆ ಅನ್ನುವುದು ಸ್ವಲ್ಪ ಗೊತ್ತು. ಮನೆಯಲ್ಲಿ ಬರೆದಿದ್ದರಲ್ಲಿ 50ಕ್ಕೆ 46, ಕೇಂದ್ರದಲ್ಲಿ ಬರೆದಿದ್ದರಲ್ಲಿ 50ಕ್ಕೆ 17. "ನಿಜ ಹೇಳು, ಅಸೈನ್‌ಮೆಂಟು ಯಾರು ಮಾಡಿದ್ದು?" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಟೆಲಿಗ್ರಾಂ ಗ್ರೂಪಿನಲ್ಲಿ ಉತ್ತರ ಬರುತ್ತೆ ಮಾವ, ಎಲ್ಲರೂ ಅಲ್ಲಿಂದಲೇ ಹಾಕ್ತಾರೆ" ಅಂದ.

ನಿಯಮ ತೆಗೆದು ನೋಡಿದರೆ ಎಲ್ಲ ಸ್ಪಷ್ಟವಾಗಿಯೇ ಇತ್ತು. ಪ್ರೋಗ್ರಾಮಿಂಗ್ ಪರೀಕ್ಷೆ ಇರುವ ಇಂಥ ಕೋರ್ಸುಗಳಲ್ಲಿ ಮೂರೂ ಭಾಗಗಳಲ್ಲಿ ಬೇರೆ ಬೇರೆಯಾಗಿ ಪಾಸಾಗಬೇಕು: ಅಸೈನ್‌ಮೆಂಟಿನಲ್ಲಿ ಕನಿಷ್ಠ 10, ಮನೆಯ ಪ್ರೋಗ್ರಾಮಿಂಗ್ ಪರೀಕ್ಷೆಯಲ್ಲಿ ಕನಿಷ್ಠ 10, ಕೇಂದ್ರದ ಪರೀಕ್ಷೆಯಲ್ಲಿ ಕನಿಷ್ಠ 20. ಒಂದರಲ್ಲಿ ಬಿದ್ದರೂ ಒಟ್ಟು ಎಷ್ಟೇ ಇರಲಿ, ಸರ್ಟಿಫಿಕೇಟ್ ಇಲ್ಲ. ಪ್ರೋಗ್ರಾಮಿಂಗ್ ಪರೀಕ್ಷೆ ಇಲ್ಲದ ಮಾಮೂಲಿ ಎನ್‌ಪಿಟೆಲ್ ಕೋರ್ಸುಗಳಲ್ಲಿ ಅಸೈನ್‌ಮೆಂಟಿಗೆ 25, ಕೇಂದ್ರದ ಪರೀಕ್ಷೆಗೆ 75. ಅಲ್ಲೂ ಕ್ರಮವಾಗಿ 10 ಮತ್ತು 30 ಬರಲೇಬೇಕು.

ಹುಡುಗನಿಗೆ ಅನ್ಯಾಯ ಅನ್ನಿಸಿದ್ದು ನನಗೆ ಮಾತ್ರ ಆ ಕೋರ್ಸಿನ ಮೇಲೆ ಗೌರವ ಹುಟ್ಟಿಸಿತು. ನಕಲು ಮಾಡಿದವನನ್ನು ಅವನದೇ ಅಂಕಗಳಿಂದ ಹಿಡಿದು ನಿಲ್ಲಿಸುವ ಏರ್ಪಾಡು ಅದು. ಹಾಗಾದರೆ ಆ ಕಾಗದಕ್ಕೆ ಏನೋ ಬೆಲೆ ಇರಬೇಕು ಅನ್ನಿಸಿ, ಮುಂದಿನ ಜನವರಿಯಲ್ಲಿ ನಾನೇ ಸೇರಿಬಿಟ್ಟೆ.

ಯಾವ ಕೋರ್ಸು, ಏನು ಖರ್ಚು

ಎನ್‌ಪಿಟೆಲ್ ಅಂದರೆ ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಕೂಡಿ 2003ರಲ್ಲಿ ಶುರುಮಾಡಿದ ಯೋಜನೆ. ಮೊದಲು ಪಾಠದ ವಿಡಿಯೊಗಳಷ್ಟೇ ಇದ್ದವು. 2014ರಿಂದ ಪರೀಕ್ಷೆ ಬರೆದು ಸರ್ಟಿಫಿಕೇಟ್ ಪಡೆಯುವ ಕೋರ್ಸುಗಳು ಬಂದವು. ಈಗ ಇವೆಲ್ಲ ಕೇಂದ್ರ ಸರ್ಕಾರದ 'ಸ್ವಯಂ' ತಾಣದಲ್ಲಿ ಸಿಗುತ್ತವೆ. ವರ್ಷಕ್ಕೆ ಎರಡು ಹಂಗಾಮು: ಜನವರಿಯದೊಂದು, ಜುಲೈಯದೊಂದು.

ನಾವಿಬ್ಬರೂ ಮಾಡಿದ್ದು ಚೆನ್ನೈ ಮ್ಯಾಥಮ್ಯಾಟಿಕಲ್ ಇನ್‌ಸ್ಟಿಟ್ಯೂಟಿನ ಪ್ರೊ. ಮಾಧವನ್ ಮುಕುಂದ್ ಕಲಿಸುವ ಎಂಟು ವಾರದ ಕೋರ್ಸು. ಪೈಥಾನ್ ಬಳಸಿ ಪ್ರೋಗ್ರಾಮಿಂಗ್, ಡೇಟಾ ಸ್ಟ್ರಕ್ಚರ್ ಮತ್ತು ಅಲ್ಗಾರಿದಮ್ ಕಲಿಸುವಂಥದ್ದು. ಸೇರಲು ದುಡ್ಡಿಲ್ಲ, ಪಾಠ ಕೇಳಲು ದುಡ್ಡಿಲ್ಲ, ಅಸೈನ್‌ಮೆಂಟ್ ಮಾಡಲೂ ದುಡ್ಡಿಲ್ಲ. ಕೇಂದ್ರದ ಪರೀಕ್ಷೆ ಬರೆಯುವುದಾದರೆ ಮಾತ್ರ ಶುಲ್ಕ, ಅದೂ ಸಾವಿರ ರೂಪಾಯಿಯ ಆಸುಪಾಸು.

ಹಾಗಂತ ಇದನ್ನು ಸಾವಿರ ರೂಪಾಯಿ ಕೋರ್ಸು ಎನ್ನುವಂತಿಲ್ಲ. ನಾನು ಡೈರಿಯಲ್ಲಿ ಗಂಟೆ ಬರೆದಿಟ್ಟುಕೊಂಡಿದ್ದೆ. ವಾರಕ್ಕೆ ಪಾಠ ಕೇಳಲು ಎರಡು ಗಂಟೆ, ಕೇಳಿದ್ದನ್ನು ಸ್ವತಃ ಟೈಪ್ ಮಾಡಿ ನೋಡಲು ಎರಡು ಗಂಟೆ, ಅಸೈನ್‌ಮೆಂಟಿಗೆ ನಾಲ್ಕು ಗಂಟೆ. ಎಂಟು ವಾರಕ್ಕೆ 64 ಗಂಟೆ. ಬ್ಯಾಂಕಿನ ಕೆಲಸ ಮುಗಿಸಿ, ಮನೆಯವರ ಮುಖ ನೋಡುವ ಹೊತ್ತಿನಿಂದ ಕಿತ್ತ 64 ಗಂಟೆ. ಕೋರ್ಸಿನ ನಿಜವಾದ ಬೆಲೆ ಅದು. ಅದಕ್ಕೇ 'ಉಚಿತ' ಅನ್ನುವ ಮಾತು ಕೇಳಿ ಸೇರಿದವರು ಬೇಗ ಬಿಟ್ಟುಬಿಡುತ್ತಾರೆ. ಹಾರ್ವರ್ಡ್ ಮತ್ತು ಎಂಐಟಿ ಸೇರಿ ಕಟ್ಟಿದ ಎಡ್‌ಎಕ್ಸ್ ತಾಣದ ಅವೆರಡರ ಕೋರ್ಸುಗಳನ್ನು ಕುರಿತು 2019ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂದಿತ್ತು. 2017-18ರಲ್ಲಿ ಸೇರಿದವರಲ್ಲಿ ಪೂರೈಸಿದವರು ನೂರಕ್ಕೆ ಮೂರು ಚಿಲ್ಲರೆ ಮಂದಿ ಮಾತ್ರ. ಆದರೆ ದುಡ್ಡು ಕಟ್ಟಿ ಸರ್ಟಿಫಿಕೇಟಿಗೆ ಹೆಸರು ಕೊಟ್ಟವರಲ್ಲಿ ಆ ಸಂಖ್ಯೆ 46. ಕಟ್ಟಿದ ದುಡ್ಡು ಕುಳಿತು ಓದಿಸುತ್ತದೆ ಅನ್ನುವುದು ಒಂದು ಅರ್ಥ. ಮೊದಲೇ ಗಟ್ಟಿ ಮನಸ್ಸು ಮಾಡಿದವರೇ ದುಡ್ಡು ಕಟ್ಟುತ್ತಾರೆ ಅನ್ನುವುದು ಇನ್ನೊಂದು. ನನ್ನ ಮಟ್ಟಿಗೆ ಎರಡೂ ನಿಜವಾಯಿತು.

ಮೊದಲ ವಾರ ನೋಡಿ ಮರುಳಾಗಬೇಡಿ

ಕೋರ್ಸಿನ ಹದ ಹಿಡಿಯಲು ಎಲ್ಲರೂ ಮೊದಲ ವಿಡಿಯೊ ನೋಡುತ್ತಾರೆ. ಪಾಠ ಮಾಡುವವರ ಗುಣ ಅದರಲ್ಲಿ ಗೊತ್ತಾಗುವುದು ಹೌದು. ಮುಕುಂದ್ ಅವರ ಮೊದಲ ವಾರವನ್ನೇ ತೆಗೆದುಕೊಳ್ಳಿ. ಭಾಷೆಯ ವ್ಯಾಕರಣದಿಂದ ಶುರುಮಾಡದೆ, ನಾವು ಆರನೇ ಏಳನೇ ಕ್ಲಾಸಿನಲ್ಲಿ ಕಲಿತ ಮಹತ್ತಮ ಸಾಮಾನ್ಯ ಅಪವರ್ತನದಿಂದ, ಅಂದರೆ ಮ.ಸಾ.ಅ.ದಿಂದ ಶುರುಮಾಡುತ್ತಾರೆ. ಎರಡು ಸಂಖ್ಯೆಗಳನ್ನೂ ಭಾಗಿಸುವ ಅತಿ ದೊಡ್ಡ ಸಂಖ್ಯೆ ಯಾವುದು? ಮೊದಲಿಗೆ ದಡ್ಡ ದಾರಿ: ಒಂದರಿಂದ ಹಿಡಿದು ಒಂದೊಂದನ್ನೂ ಪರೀಕ್ಷಿಸು, ಎರಡನ್ನೂ ಭಾಗಿಸುವವನ್ನು ಪಟ್ಟಿ ಮಾಡು, ಪಟ್ಟಿಯ ಕೊನೆಯದನ್ನು ಕೊಡು.

```python
def gcd(m, n):
    cf = []
    for i in range(1, min(m, n) + 1):
        if m % i == 0 and n % i == 0:
            cf.append(i)
    return cf[-1]
```

ಆಮೇಲೆ ಅದನ್ನೇ ಸ್ವಲ್ಪ ಸ್ವಲ್ಪ ತಿದ್ದುತ್ತಾ ಹೋಗುತ್ತಾರೆ. ಕೊನೆಯದೊಂದೇ ಬೇಕಾದರೆ ಪಟ್ಟಿ ಯಾಕೆ ಇಡಬೇಕು? ಅತಿ ದೊಡ್ಡದೇ ಬೇಕಾದರೆ ಮೇಲಿನಿಂದ ಕೆಳಕ್ಕೆ ಯಾಕೆ ಬರಬಾರದು? ಹೀಗೆ ಬಂದು ಬಂದು ಎರಡು ಸಾವಿರ ವರ್ಷಕ್ಕೂ ಹಳೆಯದಾದ ಯೂಕ್ಲಿಡನ ವಿಧಾನಕ್ಕೆ ಮುಟ್ಟಿಸುತ್ತಾರೆ.

```python
def gcd(m, n):
    while n != 0:
        m, n = n, m % n
    return m
```

1071 ಮತ್ತು 462 ಕೊಟ್ಟು ನೋಡಿ. ಮೊದಲ ದಾರಿಯಲ್ಲಿ 462 ಸಲ ಸುತ್ತಬೇಕು. ಎರಡನೆಯದರಲ್ಲಿ 1071ನ್ನು 462ರಿಂದ ಭಾಗಿಸಿದರೆ ಶೇಷ 147, 462ನ್ನು 147ರಿಂದ ಭಾಗಿಸಿದರೆ 21, 147ನ್ನು 21ರಿಂದ ಭಾಗಿಸಿದರೆ ಸೊನ್ನೆ. ಮೂರೇ ಹೆಜ್ಜೆಗೆ ಉತ್ತರ 21. ಎರಡು ಸಂಖ್ಯೆಗಳೂ ಕೋಟಿಯ ಅಂದಾಜಿನಲ್ಲಿದ್ದರೆ ಮೊದಲನೆಯದು ಕೋಟಿ ಸುತ್ತು ಹಾಕುತ್ತದೆ, ಎರಡನೆಯದು ನಲವತ್ತು ಹೆಜ್ಜೆ ದಾಟುವುದಿಲ್ಲ. ಸರಿ ಉತ್ತರ ಬಂದರೆ ಸಾಲದು, ಎಷ್ಟು ಸುತ್ತಿ ಬಂತು ಅನ್ನುವುದೂ ಮುಖ್ಯ ಎಂಬ ಪಾಠ ಮೊದಲ ವಾರದಲ್ಲೇ ಮನಸ್ಸಿಗೆ ಇಳಿಯಿತು. ಒಳ್ಳೆಯ ಮೇಷ್ಟ್ರು ಅನ್ನುವುದಕ್ಕೆ ಇದಕ್ಕಿಂತ ಗುರುತು ಬೇಡ.

ಆದರೆ ಕೋರ್ಸಿನ ಓಟ ಮೊದಲ ವಾರದಲ್ಲಿ ಗೊತ್ತಾಗುವುದಿಲ್ಲ. ಮೊದಲೆರಡು ವಾರ ಬಯಲು ಸೀಮೆಯ ರಸ್ತೆ. ಮೂರು ನಾಲ್ಕರಲ್ಲಿ ಹುಡುಕುವುದು, ಜೋಡಿಸುವುದು ಬಂದಾಗ ಸ್ವಲ್ಪ ಏರು. ಆರನೇ ವಾರದಲ್ಲಿ ಆಗುಂಬೆ ಘಾಟಿ. ಚದುರಂಗದ ಮಣೆಯ ಮೇಲೆ ಎಂಟು ರಾಣಿಗಳನ್ನು ಒಂದು ಇನ್ನೊಂದನ್ನು ಹೊಡೆಯದಂತೆ ಕೂರಿಸುವ ಲೆಕ್ಕ ಅಲ್ಲಿ ಬರುತ್ತದೆ. ಒಂದು ರಾಣಿ ಇಟ್ಟು, ಮುಂದೆ ದಾರಿ ಕಾಣದಿದ್ದರೆ ಹಿಂದಕ್ಕೆ ಬಂದು, ಆ ರಾಣಿಯನ್ನು ಪಕ್ಕದ ಮನೆಗೆ ಸರಿಸಿ ಮತ್ತೆ ಹೊರಡುವುದನ್ನು ಪ್ರೋಗ್ರಾಮಿಗೆ ಕಲಿಸಬೇಕು. ಎಂಟನೇ ವಾರದ ಡೈನಾಮಿಕ್ ಪ್ರೋಗ್ರಾಮಿಂಗ್ ಅದಕ್ಕಿಂತ ಕಡಿದು. ಪಾಠದ ಉದ್ದ ಎಲ್ಲ ವಾರವೂ ಹೆಚ್ಚು ಕಡಿಮೆ ಅಷ್ಟೇ. ಆದರೆ ನನ್ನ ಡೈರಿಯಲ್ಲಿ ಮೊದಲ ವಾರಕ್ಕೆ ಐದು ಗಂಟೆ ಇದ್ದರೆ ಆರನೆಯದಕ್ಕೆ ಹನ್ನೊಂದು.

ಆದ್ದರಿಂದ ಸೇರುವ ಮುಂಚೆ ಎರಡು ವಿಡಿಯೊ ನೋಡಿ: ಮೊದಲ ವಾರದ್ದೊಂದು, ಮೂರನೇ ಎರಡು ಭಾಗ ಕಳೆದ ಮೇಲಿನದೊಂದು. ಎನ್‌ಪಿಟೆಲ್‌ನ ಹಳೆಯ ಪಾಠಗಳೆಲ್ಲ ಯೂಟ್ಯೂಬಿನಲ್ಲಿ ಇವೆ, ಕೆಲವು ಕೋರ್ಸುಗಳ ಪಾಠದ ಪಠ್ಯ ಕನ್ನಡದಲ್ಲೂ ಸಿಗುತ್ತದೆ. ಆ ಎರಡನೇ ವಿಡಿಯೊ ಅರ್ಥವಾಗಬೇಕಾಗಿಲ್ಲ. ನಡುವಿನ ಪಾಠಗಳನ್ನು ದಾಟಿಕೊಂಡು ಅಲ್ಲಿಗೆ ಹೋಗಬಹುದು ಅನ್ನಿಸಿದರೆ ಸಾಕು. ಮಧ್ಯದ ಪಾಠ ತೋರಿಸಲು ಒಪ್ಪದ, ಮೊದಲ ಪಾಠದ ಡೆಮೊ ಮಾತ್ರ ಇಡುವ ಕೋರ್ಸು ಎಷ್ಟೇ ಹೊಳೆಯಲಿ, ದುಡ್ಡು ಕಟ್ಟುವ ಮುಂಚೆ ಎರಡು ಸಲ ಯೋಚಿಸಿ.

ಓಟದ ಇನ್ನೊಂದು ಮುಖ ಕೊನೆಯ ದಿನಾಂಕ. ತಿಂಗಳ ಬಾಡಿಗೆಯ ಲೆಕ್ಕದಲ್ಲಿ ನಡೆಯುವ ಕೆಲವು ವಿದೇಶಿ ತಾಣಗಳಲ್ಲಿ ದಿನಾಂಕ ತಪ್ಪಿದರೆ ಮುಂದಕ್ಕೆ ಹಾಕಿಕೊಳ್ಳಬಹುದು. ಆದರೆ ನಿಧಾನಿಸಿದಷ್ಟೂ ತಿಂಗಳ ದುಡ್ಡು ಏರುತ್ತದೆ. ಎನ್‌ಪಿಟೆಲ್‌ನಲ್ಲಿ ಹಾಗಿಲ್ಲ, ಗಡುವು ಮುಗಿದರೆ ಮುಗಿಯಿತು. ಅದಕ್ಕೆ ಪರಿಹಾರವಾಗಿ ಎಂಟು ವಾರದ ಕೋರ್ಸಿನಲ್ಲಿ ಚೆನ್ನಾಗಿ ಮಾಡಿದ ಆರು ವಾರದ ಅಂಕಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ. ಹನ್ನೆರಡು ವಾರದ್ದಾದರೆ ಎಂಟು. ಈ ರಿಯಾಯಿತಿಯನ್ನು ಮೊದಲೇ ಖರ್ಚು ಮಾಡಿಬಿಡುವುದು ದೊಡ್ಡ ತಪ್ಪು, ನಾನು ಅದನ್ನೇ ಮಾಡಿದೆ. ಎರಡನೇ ವಾರ ಮದುವೆಯೊಂದಕ್ಕೆ ಹೋಗಿ ಒಂದು ಕಳೆದೆ. ಐದನೇ ವಾರ ಆಡಿಟ್ ನೆಪದಲ್ಲಿ ಇನ್ನೊಂದು. ಅಲ್ಲಿಗೆ ಆಗುಂಬೆ ಘಾಟಿ ಹತ್ತುವಾಗ ಕೈಯಲ್ಲಿ ಒಂದೂ ರಜೆ ಉಳಿದಿರಲಿಲ್ಲ.

ಇನ್ನೊಂದು ವಿಷಯ ಬಹಳ ಜನರಿಗೆ ತಡವಾಗಿ ತಿಳಿಯುತ್ತದೆ. ಕೋರ್ಸಿಗೆ ಸೇರುವುದು ಬೇರೆ, ಪರೀಕ್ಷೆಗೆ ಹೆಸರು ನೋಂದಾಯಿಸುವುದು ಬೇರೆ. ಪರೀಕ್ಷೆಯ ನೋಂದಣಿ ಪಾಠ ಮುಗಿಯುವ ಮುಂಚೆಯೇ ಮುಚ್ಚಿಹೋಗುತ್ತದೆ. ಎಂಟೂ ವಾರ ಶ್ರದ್ಧೆಯಿಂದ ಮಾಡಿ, ಆ ಒಂದು ದಿನಾಂಕ ಮರೆತರೆ ಕೈಗೆ ಕಾಗದ ಬರುವುದಿಲ್ಲ.

ಅಸೈನ್‌ಮೆಂಟಿನಲ್ಲೇ ಇದೆ ಹೂರಣ

ಕೋರ್ಸಿನ ಗುಣ ಗೊತ್ತಾಗುವ ಜಾಗ ವಿಡಿಯೊ ಅಲ್ಲ, ಅಸೈನ್‌ಮೆಂಟು. ಯಾಕೆ ಅನ್ನುವುದಕ್ಕೆ ಒಂದು ಲೆಕ್ಕ ನೋಡಿ. ಆರಂಭದ ವಾರಗಳಲ್ಲಿ ಬರುವ ಬಗೆಯದು. ಒಂದು ಸಾಲು ಅಕ್ಷರ ಕೊಡುತ್ತಾರೆ. ಅದರಲ್ಲಿ ತೆರೆದ ಆವರಣಗಳೆಲ್ಲ ಸರಿಯಾಗಿ ಮುಚ್ಚಿವೆಯೇ ಎಂದು ಪ್ರೋಗ್ರಾಂ ಹೇಳಬೇಕು. ನನಗೆ ಥಟ್ಟನೆ ಹೊಳೆದಿದ್ದು ಇದು:

```python
def matched(s):
    return s.count("(") == s.count(")")
```

ತೆರೆದವು ಎಷ್ಟು, ಮುಚ್ಚಿದವು ಎಷ್ಟು, ಎರಡೂ ಸಮ ಇದ್ದರೆ ಸರಿ. ಬ್ಯಾಂಕಿನವನ ಬುದ್ಧಿ, ಜಮಾ ಖರ್ಚು ತಾಳೆಯಾದರೆ ಮುಗಿಯಿತು. ಪರದೆಯ ಮೇಲೆ ತೋರಿಸಿದ್ದ ಮಾದರಿ ಪರೀಕ್ಷೆಗಳೆಲ್ಲ ಹಸಿರಾದವು. ಖುಷಿಯಿಂದ ಮಲಗಿದೆ. ಗಡುವು ಮುಗಿದ ಮೇಲೆ ಅಂಕ ಬಂದಾಗ ನೋಡಿದರೆ ಅರ್ಧಕ್ಕರ್ಧ ಹೋಗಿತ್ತು.

ಪ್ರೋಗ್ರಾಮಿಂಗ್ ಅಸೈನ್‌ಮೆಂಟಿಗೆ ಎರಡು ಬಗೆಯ ಪರೀಕ್ಷೆ ಇರುತ್ತವೆ. ಕೆಲವನ್ನು ಮೊದಲೇ ತೋರಿಸುತ್ತಾರೆ. ಉಳಿದವು ಗುಟ್ಟಿನವು, ಅಂಕ ನಿಂತಿರುವುದು ಅವುಗಳ ಮೇಲೆ. ನನ್ನ ಪ್ರೋಗ್ರಾಮಿಗೆ `)27(` ಅಂತ ಕೊಟ್ಟು ನೋಡಿ. ಒಂದು ತೆರೆದದ್ದು, ಒಂದು ಮುಚ್ಚಿದ್ದು, ಲೆಕ್ಕ ಸಮ. ಆದರೆ ತೆರೆಯುವ ಮುಂಚೆಯೇ ಮುಚ್ಚಿದೆ. ಖಾತೆಯಲ್ಲಿ ದುಡ್ಡು ಹಾಕುವ ಮುಂಚೆಯೇ ತೆಗೆದಂತೆ! ಸರಿಯಾದ ದಾರಿ ಎಡದಿಂದ ಒಂದೊಂದೇ ಅಕ್ಷರ ನೋಡುತ್ತಾ, ತೆರೆದರೆ ಒಂದು ಕೂಡಿಸಿ, ಮುಚ್ಚಿದರೆ ಒಂದು ಕಳೆದು, ಬಾಕಿ ಎಲ್ಲಿಯೂ ಸೊನ್ನೆಗಿಂತ ಕೆಳಗಿಳಿಯದಂತೆ ಕಾಯುವುದು. ಕೊನೆಗೆ ಬಾಕಿ ಸೊನ್ನೆಯಾಗಿರಬೇಕು. ವರ್ಷದ ಕೊನೆಯ ಮೊತ್ತವಷ್ಟೇ ಅಲ್ಲ, ದಿನದಿನದ ಬಾಕಿಯನ್ನೂ ನೋಡಬೇಕು ಅನ್ನುವುದನ್ನು ಇಪ್ಪತ್ತು ವರ್ಷ ಲೆಕ್ಕ ಬರೆದ ನನಗೆ ಒಂದು ಆವರಣ ಚಿಹ್ನೆ ಕಲಿಸಿತು.

ಆ ತಪ್ಪನ್ನು ನಾನು ಇವತ್ತಿಗೂ ಮರೆತಿಲ್ಲ. ಟೆಲಿಗ್ರಾಮಿನಿಂದ ಸರಿ ಉತ್ತರ ತಂದು ಅಂಟಿಸಿದ ನನ್ನ ಸೋದರಳಿಯನಿಗೆ ಅದು ನೆನಪೇ ಇರಲಿಲ್ಲ. ಕೇಂದ್ರದ ಪರೀಕ್ಷೆಯಲ್ಲಿ ನಾಲ್ಕು ಸಾಲು ಕೋಡ್ ಕೊಟ್ಟು, ಇದು ಏನು ಮುದ್ರಿಸುತ್ತದೆ ಎಂದು ಕೇಳಿದಾಗ ಅವನ ಕೈ ಕಟ್ಟಿಹೋದದ್ದು ಇದರಿಂದ. ಓದಿದ್ದು ಕಣ್ಣಿಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ.

ಹಾಗಾಗಿ ಯಾವುದೇ ಕೋರ್ಸಿನ ಅಸೈನ್‌ಮೆಂಟ್ ನೋಡುವಾಗ ನಾನು ಈಗ ಕೇಳುವುದು ಒಂದೇ ಪ್ರಶ್ನೆ: ಇದರಲ್ಲಿ ತಪ್ಪು ಮಾಡಲು ಆಗುತ್ತದೆಯೇ? ನಾಲ್ಕು ಆಯ್ಕೆ ಕೊಟ್ಟು, ಪಾಸಾಗುವವರೆಗೆ ಮತ್ತೆ ಮತ್ತೆ ಒತ್ತಲು ಬಿಡುವ ಕ್ವಿಜ್‌ನಲ್ಲಿ ಸೋಲಲು ಸಾಧ್ಯವೇ ಇಲ್ಲ. ಜೊತೆಯ ವಿದ್ಯಾರ್ಥಿಗಳೇ ಒಬ್ಬರನ್ನೊಬ್ಬರು ತಿದ್ದುವ ಪದ್ಧತಿ ಇರುವ ಕಡೆ, ಎದುರಿನವನೂ ತನ್ನದು ಬೇಗ ಮುಗಿದರೆ ಸಾಕು ಅನ್ನುವ ಅವಸರದಲ್ಲಿದ್ದರೆ ಪೂರ್ತಿ ಅಂಕ ಬಂದುಬಿಡುತ್ತದೆ. ಸೋಲಲಾಗದ ಕಡೆ ಗೆಲುವಿಗೆ ಅರ್ಥವಿಲ್ಲ, ಅದರ ಮೇಲೆ ಕೊಟ್ಟ ಕಾಗದಕ್ಕೂ ಇಲ್ಲ.

ಕಾಗದವನ್ನು ಎಣಿಸುವವರು ಯಾರು?

ಏಪ್ರಿಲಿನ ಒಂದು ಭಾನುವಾರ ಬೆಳಿಗ್ಗೆ, ಊರಾಚೆಯ ಕಾಲೇಜೊಂದರ ಕಂಪ್ಯೂಟರ್ ಲ್ಯಾಬಿನಲ್ಲಿ, ಇಪ್ಪತ್ತರ ಮಕ್ಕಳ ನಡುವೆ ಕುಳಿತು ಪರೀಕ್ಷೆ ಬರೆದೆ. ಹಾಲ್ ಟಿಕೆಟ್ ನೋಡಿದ ಮೇಲ್ವಿಚಾರಕರು, "ಸರ್, ಪೋಷಕರು ಹೊರಗೆ ಕೂರಬೇಕು" ಅಂದರು. ಕೆಲವು ವಾರಗಳಲ್ಲಿ ಫಲಿತಾಂಶ ಬಂತು. ಅಸೈನ್‌ಮೆಂಟ್ 19, ಮನೆಯ ಪರೀಕ್ಷೆ 16, ಕೇಂದ್ರದ್ದು 33. ಒಟ್ಟು 68. ಎನ್‌ಪಿಟೆಲ್‌ನ ಭಾಷೆಯಲ್ಲಿ 'ಎಲೀಟ್'. 40ರಿಂದ 59ರವರೆಗೆ ಬರೀ ಉತ್ತೀರ್ಣ, 60ರಿಂದ ಎಲೀಟ್, 75ರಿಂದ ಅದರ ಜೊತೆ ಬೆಳ್ಳಿ, 90ರಿಂದ ಚಿನ್ನ.

ಇದರಿಂದ ಕೆಲಸಕ್ಕೆ ಏನು ಪ್ರಯೋಜನ? ಇದಕ್ಕೆ ಉತ್ತರ, ಕಾಗದ ಯಾರ ಕೈಗೆ ಹೋಗುತ್ತದೆ ಅನ್ನುವುದರ ಮೇಲಿದೆ.

ಮೊದಲು ವಿದ್ಯಾರ್ಥಿಗಳು. ಇವರಿಗೆ ನಿಯಮವೇ ಬೆನ್ನಿಗಿದೆ. 2016ರಲ್ಲಿ ಯುಜಿಸಿ ಮಾಡಿದ ನಿಯಮದಂತೆ ಒಂದು ಸೆಮಿಸ್ಟರಿನ ಪಾಠಗಳಲ್ಲಿ 20 ಪ್ರತಿಶತವನ್ನು ಸ್ವಯಂ ಕೋರ್ಸುಗಳಿಂದ ತುಂಬಿಕೊಳ್ಳಬಹುದಿತ್ತು, 2021ರಲ್ಲಿ ಅದನ್ನು 40 ಪ್ರತಿಶತಕ್ಕೆ ಏರಿಸಿತು. ಎಂಟು ವಾರದ ಕೋರ್ಸಿಗೆ ಎರಡು ಕ್ರೆಡಿಟ್, ಹನ್ನೆರಡು ವಾರದ್ದಕ್ಕೆ ಮೂರು. ಆದರೆ ನಿಯಮ ಇದೆ ಅಂದ ಮಾತ್ರಕ್ಕೆ ನಿಮ್ಮ ಕಾಲೇಜು ಈ ಕೋರ್ಸನ್ನೇ ಒಪ್ಪಬೇಕೆಂದೇನೂ ಇಲ್ಲ. ಯಾವ ಕೋರ್ಸು ಯಾವ ವಿಷಯದ ಬದಲಿಗೆ ನಡೆಯುತ್ತದೆ ಎಂದು ಸೇರುವ ಮುಂಚೆ ವಿಭಾಗದಿಂದ ಬರಹದಲ್ಲಿ ಪಡೆಯಬೇಕು. ಆಮೇಲೆ ಕೇಳಿದರೆ ಕಾಗದ ಕಡತದಲ್ಲಿ ಉಳಿಯುತ್ತದೆ, ಅಂಕಪಟ್ಟಿಗೆ ಬರುವುದಿಲ್ಲ.

ಎರಡನೆಯವರು ಕಾಲೇಜು ಮೇಷ್ಟ್ರುಗಳು. ಇಂಥ ಕೋರ್ಸುಗಳನ್ನು ಎಐಸಿಟಿಇ ಅಧ್ಯಾಪಕರ ತರಬೇತಿಯಾಗಿಯೂ ಪರಿಗಣಿಸುತ್ತದೆ. ನನ್ನ ಪರೀಕ್ಷೆಯ ದಿನ ಪಕ್ಕದ ಸಾಲಿನಲ್ಲಿ ಕುಳಿತಿದ್ದ ಒಬ್ಬ ಲೆಕ್ಚರರ್ ನಗುತ್ತಾ ಹೇಳಿದರು: "ನನ್ನ ಸ್ಟೂಡೆಂಟ್ಸು ಮುಂದಿನ ಸಾಲಿನಲ್ಲಿದ್ದಾರೆ ಸರ್. ಅವರಿಗಿಂತ ಕಡಿಮೆ ಬಂದರೆ ಕ್ಲಾಸಿಗೆ ಹೋಗೋ ಹಾಗಿಲ್ಲ."

ಮೂರನೆಯವರು ಕೆಲಸ ಹುಡುಕುವವರು. ಇಲ್ಲಿ ಯಾವ ನಿಯಮವೂ ಇಲ್ಲ. ಬೆಂಗಳೂರಿನ ಸಣ್ಣ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಹುಡುಗರನ್ನು ಆಯ್ಕೆ ಮಾಡುವ ನನ್ನ ಹಳೆಯ ಸಹಪಾಠಿಯನ್ನು ಕೇಳಿದೆ. "ನೋಡಪ್ಪಾ, ಸರ್ಟಿಫಿಕೇಟಿನ ಸಾಲು ಓದೋದು ನಿಜ. ಆದರೆ ಅದನ್ನ ನೋಡಿ ಕೆಲಸ ಕೊಡಲ್ಲ, ಅದನ್ನ ನೋಡಿ ಪ್ರಶ್ನೆ ಕೇಳ್ತೀನಿ. ಡೇಟಾ ಸ್ಟ್ರಕ್ಚರ್ ಮಾಡಿದ್ದೀನಿ ಅಂತ ಬರೆದರೆ, ಈ ಆವರಣ ಸರಿ ಇದೆಯಾ ಹೇಳೋ ಪ್ರೋಗ್ರಾಂ ಬೋರ್ಡಿನ ಮೇಲೆ ಬರಿ ಅಂತೀನಿ. ಬರೆದರೆ ಆ ಸಾಲಿಗೆ ಬೆಲೆ ಬಂತು. ಬರೆಯದಿದ್ದರೆ ಆ ಸಾಲು ಇಲ್ಲದಿದ್ದರೇ ಚೆನ್ನಾಗಿತ್ತು." ಅವನು ನನ್ನ ಆವರಣದ ಕಥೆ ಕೇಳಿರಲಿಲ್ಲ. ಆ ಪ್ರಶ್ನೆ ಸಂದರ್ಶನಗಳಲ್ಲಿ ಅಷ್ಟು ಮಾಮೂಲಿ.

ಎನ್‌ಪಿಟೆಲ್ ಕಾಗದದ ಒಂದು ಅನುಕೂಲವನ್ನೂ ಅವನೇ ತೋರಿಸಿದ. ಅದರ ಮೇಲೆ ಒಟ್ಟು ಅಂಕದ ಜೊತೆಗೆ ವಿಂಗಡಣೆಯೂ ಅಚ್ಚಾಗಿರುತ್ತದೆ. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಅಸಲಿಯೋ ನಕಲಿಯೋ ಗೊತ್ತಾಗುತ್ತದೆ. "ನಾನು ಒಟ್ಟು ನೋಡಲ್ಲ, ಕೇಂದ್ರದ ಪರೀಕ್ಷೆಯ ಅಂಕ ಮಾತ್ರ ನೋಡ್ತೀನಿ" ಅಂದ.

ಕಾಗದದ ಮಿತಿಯೂ ಇಲ್ಲೇ ಇದೆ. ಒಂದು ಸಂಜೆ ನಾನೂ ಸೋದರಳಿಯನೂ ಡೇಟಾ ಅನಲಿಸ್ಟ್ ಕೆಲಸದ ಹತ್ತು ಜಾಹೀರಾತು ಎದುರಿಗಿಟ್ಟುಕೊಂಡು ಕುಳಿತೆವು. ಒಂದೊಂದೇ ಬೇಡಿಕೆಯನ್ನು ಓದಿ, ಈ ಕೋರ್ಸಿನಲ್ಲಿ ಇದು ಬಂದಿದೆಯೇ ಎಂದು ಗುರುತು ಹಾಕುತ್ತಾ ಹೋದೆವು. ಪೈಥಾನ್ ಬಂತು, ಗುರುತು ಹಾಕಿದೆವು. ಆಮೇಲೆ ಎಸ್‌ಕ್ಯುಎಲ್, ಪಾಂಡಾಸ್, ಎಕ್ಸೆಲ್, ಚಾರ್ಟು ಬಿಡಿಸುವ ಸಾಧನಗಳು ಬಂದವು. ಇವು ಯಾವುವೂ ಈ ಕೋರ್ಸಿನಲ್ಲಿ ಇಲ್ಲ. ಅದು ಕೋರ್ಸಿನ ದೋಷ ಅಲ್ಲ. ಅದು ಅಡಿಪಾಯ ಹಾಕುವ ಕೋರ್ಸು, ಮನೆ ಕಟ್ಟಿ ಬಣ್ಣ ಬಳಿಯುವುದಾಗಿ ಅದು ಎಲ್ಲೂ ಹೇಳಿಲ್ಲ. ಪ್ರೋಗ್ರಾಮರ್ ಕೆಲಸದ ಸಂದರ್ಶನಕ್ಕೆ ಹೋಗುವವನಿಗೆ ಇದು ನೇರವಾಗಿ ಉಪಯೋಗ. ಅನಲಿಸ್ಟ್ ಆಗಬೇಕು ಅನ್ನುವವನು ಇದೊಂದನ್ನೇ ನಂಬಿ ಕುಳಿತರೆ ಅರ್ಧ ದಾರಿಯಲ್ಲಿ ನಿಲ್ಲುತ್ತಾನೆ. ಈ ಜಾಹೀರಾತಿನ ತಾಳೆಯನ್ನು ಕೋರ್ಸು ಮುಗಿದ ಮೇಲೆ ಅಲ್ಲ, ಸೇರುವ ಹಿಂದಿನ ದಿನ ಮಾಡಬೇಕಿತ್ತು.

ಇದೇ ತಾಳೆ ತಂಗಿಯ ಮನೆಯಲ್ಲಿ ಇನ್ನೊಂದು ಕೆಲಸಕ್ಕೂ ಬಂತು. ಹುಡುಗ ಫೇಲಾದ ಹೊತ್ತಿನಲ್ಲೇ ಒಂದು ಕಂಪನಿಯವರು ಫೋನ್ ಮಾಡಿ, ಲಕ್ಷದ ಮೇಲಿನ ಕೋರ್ಸು, ಕಂತಿನಲ್ಲಿ ಕಟ್ಟಿ, ಕೆಲಸ ಕೊಡಿಸುವ ಜವಾಬ್ದಾರಿ ನಮ್ಮದು ಅಂದಿದ್ದರಂತೆ. "ಅಣ್ಣ, ಏನು ಮಾಡ್ಲಿ?" ಅಂತ ತಂಗಿ ಕೇಳಿದಳು. ಕಂತು ಅನ್ನುವುದು ಫೀಸಿನ ಕಂತೋ ಸಾಲದ ಕಂತೋ ಕೇಳು ಅಂದೆ. ಸಾಲವಾಗಿತ್ತು. ಸಾಲ ಕೊಡುವವರು ಬೇರೆ ಸಂಸ್ಥೆ. ಕೋರ್ಸು ಮಧ್ಯೆ ಬಿಟ್ಟರೂ ಕಂತು ನಿಲ್ಲುವುದಿಲ್ಲ. ಕೊನೆಯ ಪರೀಕ್ಷೆ ಎಲ್ಲಿ, ಯಾರ ಎದುರು ಎಂದು ಕೇಳು ಅಂದೆ. ಪರೀಕ್ಷೆಯೇ ಇರಲಿಲ್ಲ. ಎಲ್ಲರಿಗೂ ಸರ್ಟಿಫಿಕೇಟ್ ಗ್ಯಾರಂಟಿ ಅಂದರಂತೆ. ತಂಗಿ ಆ ಮಾತಿಗೇ ಫೋನಿಟ್ಟಳು.

ಸೋದರಳಿಯ ಮುಂದಿನ ಜುಲೈ ಹಂಗಾಮಿನಲ್ಲಿ ಅದೇ ಕೋರ್ಸಿಗೆ ಮತ್ತೆ ಸೇರಿದ. ಶುಲ್ಕ ಮತ್ತೆ ಕಟ್ಟಬೇಕಾಯಿತು. ಈ ಸಲ ಟೆಲಿಗ್ರಾಂ ಗ್ರೂಪಿನಿಂದ ಹೊರಬಂದಿದ್ದ. ಆರನೇ ವಾರ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ, "ಮಾವ, ಏಳು ರಾಣಿ ಕೂತವು, ಎಂಟನೆಯದು ಕೂರ್ತಾನೇ ಇಲ್ಲ" ಅಂದ. ಹಿಂದಕ್ಕೆ ಬಾ, ಏಳನೆಯದನ್ನು ಸರಿಸಿ ನೋಡು ಅಂದೆ.

ಫಲಿತಾಂಶ ಬಂದ ದಿನ ಮತ್ತೆ ಸ್ಕ್ರೀನ್‌ಶಾಟ್ ಕಳಿಸಿದ. ಅಸೈನ್‌ಮೆಂಟ್ 17, ಮನೆಯ ಪರೀಕ್ಷೆ 15, ಕೇಂದ್ರದ್ದು 31. ಕೂಡಿಸಿ ನೋಡಿದೆ. ಒಟ್ಟು ಅದೇ 63.